ಡೊಂಬಿವಲಿಯಿಂದ ಇಂಗ್ಲೆಂಡಿಗೆ ದೀಪಾವಳಿ ಫರಾಳ ಕಳ್ಸೋದು ಹೇಗೆ: ಹಾಲಿನ ನಿಯಮ, ಪ್ಯಾಕಿಂಗ್, ಕೊರಿಯರ್

ನನ್ನ ತಂಗಿ ಗಂಡ ಮಕ್ಕಳ ಜೊತೆ ಇಂಗ್ಲೆಂಡಿನ ರೆಡಿಂಗ್‌ನಲ್ಲಿದಾಳೆ. ಮೊದಲನೇ ವರ್ಷ ದೀಪಾವಳಿಗೆ ನಾನು ಅವಳಿಗೆ ಒಂದು ದೊಡ್ಡ ಡಬ್ಬ ಕಳಿಸಿದ್ದೆ, ಅದರಲ್ಲಿ ಧಾರವಾಡ ಪೇಡಾ, ತುಪ್ಪದ ಬೇಸನ್ ಉಂಡಿ, ಬೆಣ್ಣೆ ಹಾಕಿದ ಚಕ್ಕಲಿ, ಚೂಡಾ ಎಲ್ಲಾ ಇತ್ತು. ಸ್ಟೇಷನ್ ಹತ್ರದ ಒಬ್ಬ ಏಜೆಂಟ್ "ಎಲ್ಲಾ ಹೋಗತ್ತೆ ತಾಯಿ, ನೀವು ಚಿಂತೆ ಮಾಡಬೇಡಿ" ಅಂದ, ಫಾರ್ಮ್‌ನಲ್ಲಿ ಬರೀ ಸ್ವೀಟ್ಸ್ ಅಂಡ್ ಸ್ನ್ಯಾಕ್ಸ್ ಅಂತ ಬರ್ದ. ಡಬ್ಬ ತಂಗಿ ಮನೆಗೆ ಮುಟ್ಟಲೇ ಇಲ್ಲ. ಅವಳಿಗೆ ಬಂದಿದ್ದು ಒಂದು ಕಾಗದ, ಹಾಲಿನ ಪದಾರ್ಥ ಇದ್ದಿದ್ದಕ್ಕೆ ಜಪ್ತಿ ಮಾಡಿದೀವಿ ಅಂತ. ಮೂರು ದಿನ ಒಲೆ ಮುಂದೆ ನಿಂತು ಮಾಡಿದ್ದು ಹಾಗೇ ಹೋಯ್ತು. ಆವತ್ತಿಂದ ನಿಯಮ ಓದಿ, ಕೇಳಿ, ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಬದಲಾಯಿಸಿ ಒಂದು ಪದ್ಧತಿ ಮಾಡ್ಕೊಂಡಿದೀನಿ, ಅದನ್ನೇ ಇಲ್ಲಿ ಪೂರ್ತಿ ಬರೀತಿದೀನಿ. ಮುಖ್ಯವಾಗಿ ಇಂಗ್ಲೆಂಡಿನ ಬಗ್ಗೆ ಬರೀತೀನಿ, ಬೇರೆ ದೇಶದ ಮಾತು ಕೊನೆಗೆ ಸ್ವಲ್ಪ ಇದೆ.

ಮೊದಲು ಹಾಲಿನ ವಿಷಯ

ತುಂಬಾ ಜನ ಅನ್ಕೋತಾರೆ ಕಸ್ಟಮ್ಸ್‌ನವರು ಮನೇಲಿ ಮಾಡಿದ್ದು ಅಂತ ತಡೀತಾರೆ, ಇಲ್ಲಾ ಸಕ್ಕರೆ, ಎಣ್ಣೆ ಜಾಸ್ತಿ ಅಂತ ತಡೀತಾರೆ ಅಂತ. ಅಲ್ಲಿ ನೋಡೋದು ಬೇರೆ, ಹಾಲು ಮತ್ತು ಮಾಂಸ. ಕಾರಣ ಕಾಲುಬಾಯಿ ಜ್ವರ. ನಮ್ಮ ದೇಶದ ದನಗಳಲ್ಲಿ ಈ ರೋಗ ಇದೆ, ಅದರ ವೈರಸ್ ಮಾಂಸ, ಹಾಲಿನ ಪದಾರ್ಥದ ಜೊತೆ ಪ್ರಯಾಣ ಮಾಡಬಹುದು. 2001ರಲ್ಲಿ ಇಂಗ್ಲೆಂಡಿನಲ್ಲಿ ಈ ರೋಗ ಹಬ್ಬಿ 60 ಲಕ್ಷಕ್ಕಿಂತ ಹೆಚ್ಚು ದನ, ಕುರಿ, ಹಂದಿ ಕೊಂದು ಹಾಕಬೇಕಾಯ್ತು, ಅದಕ್ಕೇ ಅವರು ಈ ವಿಷಯದಲ್ಲಿ ಅಷ್ಟು ಬಿಗಿ. 2025ರಲ್ಲಿ ಯುರೋಪಿನ ಕೆಲವು ಕಡೆ ರೋಗ ಕಾಣಿಸಿಕೊಂಡಾಗ ಏಪ್ರಿಲ್‌ನಲ್ಲಿ ಪಕ್ಕದ ಯುರೋಪಿಯನ್ ಯೂನಿಯನ್ ದೇಶಗಳಿಂದ ಪ್ರಯಾಣಿಕರು ಚೀಸ್ ತರೋದನ್ನೂ ನಿಲ್ಲಿಸಿದ್ರು. ಪಕ್ಕದ ಮನೆಯವರಿಗೇ ಇಷ್ಟು ಅಂದ್ಮೇಲೆ ನಮ್ಮ ಪೇಡಾಗೆ ವಿನಾಯಿತಿ ಸಿಗೋ ಮಾತೇ ಇಲ್ಲ.

ಹಾಗಾಗಿ ಖೋವಾ, ಹಾಲು, ಪನೀರ್, ಕೆನೆಯಿಂದ ಮಾಡಿದ ಯಾವುದೂ ಬೇಡ. ಪೇಡಾ, ಕುಂದಾ, ಬರ್ಫಿ, ಗುಲಾಬ್ ಜಾಮೂನ್, ಹಲ್ವಾಯಿ ಅಂಗಡಿಯ ಹಾಲಿನ ಮಿಠಾಯಿ, ಇದೆಲ್ಲಾ ಪಟ್ಟಿಯಿಂದ ತೆಗೀರಿ. ತುಪ್ಪದ ಬಾಟ್ಲಿ, ಬೆಣ್ಣೆ ಬೇಡವೇ ಬೇಡ. ಬ್ರೆಡ್, ಬಿಸ್ಕೆಟ್, ಫ್ರೆಶ್ ಕ್ರೀಮ್ ಇಲ್ಲದ ಕೇಕ್, ಚಾಕೊಲೇಟ್, ಮಿಠಾಯಿ ಇವನ್ನ ಬಿಡ್ತಾರೆ, ಆದ್ರೆ ಮಿಠಾಯಿಯಲ್ಲಿ ಸಂಸ್ಕರಿಸದ ಹಾಲಿನ ಪದಾರ್ಥ ಇರಬಾರ್ದು ಅಂತ ಷರತ್ತಿದೆ. ಈಗ ತುಪ್ಪ ಹಾಕಿದ ಬೇಸನ್ ಉಂಡಿ, ಮೈಸೂರ್ ಪಾಕ್ ಎಲ್ಲಿ ಬರತ್ತೆ? ತುಪ್ಪ ಕಾಸಿದ್ದೇ ತಾನೇ ಅಂತ ನಾವು ವಾದ ಮಾಡಬಹುದು, ಆದ್ರೆ ಡಬ್ಬ ತೆಗೆದು ನೋಡೋ ಅಧಿಕಾರಿ ಮುಂದೆ ವಾದ ಮಾಡೋಕೆ ನಾವು ಅಲ್ಲಿ ಇರಲ್ಲ. ನಾನು ತುಪ್ಪ ಇರೋದನ್ನ ಕಳ್ಸಲ್ಲ. ಒಂದು ಉಂಡಿಗೋಸ್ಕರ ಇಡೀ ಡಬ್ಬ ಪಣಕ್ಕಿಡೋದು ಸರಿ ಅನ್ಸಲ್ಲ.

ಇಲ್ಲಿ ಕಣ್ಣು ತಪ್ಪೋ ಜಾಗ ಅಂದ್ರೆ ಖಾರದ ತಿಂಡಿ. ಚಕ್ಕಲಿಗೆ ನಮ್ಮಲ್ಲಿ ಬೆಣ್ಣೆ ಹಾಕೋ ರೂಢಿ, ಶಂಕರಪಾಳಿಗೆ ಹಾಲು ಮತ್ತು ತುಪ್ಪ, ಚೂಡಾಗೆ ಕೆಲವರು ಹಾಲಿನ ಪುಡಿ ಸಹಿತ ಹಾಕ್ತಾರೆ. ಅಂಗಡಿಯದು ತಗೊಂಡ್ರೆ ಹಿಂದುಗಡೆ ಪದಾರ್ಥಗಳ ಪಟ್ಟಿ ಓದಿ, ಮಿಲ್ಕ್ ಸಾಲಿಡ್ಸ್ ಅಂತ ಇದ್ರೆ ವಾಪಸ್ ಇಡಿ. ತೆಂಗಿನ ಹಾಲು ಹಾಲಲ್ಲ, ಅದಕ್ಕೆ ಅಡ್ಡಿ ಇಲ್ಲ, ಗೋವಾದ ದೋದೋಲ್ ತೆಂಗಿನ ಹಾಲು, ಬೆಲ್ಲ, ಅಕ್ಕಿ ಹಿಟ್ಟಿನದು. ಆದ್ರೆ ಚೀಟಿಯಲ್ಲಿ ಬರೀ ಮಿಲ್ಕ್ ಅಂತ ಬರೀದೆ ಕೊಕೊನಟ್ ಅಂತ ಸ್ಪಷ್ಟವಾಗಿ ಬರೀಬೇಕು, ಓದೋರಿಗೆ ಒಂದು ಕ್ಷಣವೂ ಅನುಮಾನ ಬರಬಾರ್ದು.

ಹಾಲಿಲ್ಲದೆ ಮಾಡೋದು

ನನ್ನ ಈಗಿನ ಪಟ್ಟಿ ಸಣ್ಣದು: ಚಕ್ಕಲಿ, ತೆಳು ಅವಲಕ್ಕಿ ಚೂಡಾ, ಶಂಕರಪಾಳಿ, ಶೇಂಗಾ ಚಟ್ನಿ ಪುಡಿ, ಶೇಂಗಾ ಚಿಕ್ಕಿ. ಐದೇ ಐದು, ಎಲ್ಲಾ ಒಣಗಿದ್ದು.

ಚಕ್ಕಲಿಗೆ 4 ಕಪ್ ಭಾಜಣಿ, ಅಂದ್ರೆ ಅಕ್ಕಿ ಬೇಳೆ ಹುರಿದು ಬೀಸಿದ ಹಿಟ್ಟಿಗೆ 4 ದೊಡ್ಡ ಚಮಚ ಚೆನ್ನಾಗಿ ಕಾದ ಎಣ್ಣೆ ಹಾಕ್ತೀನಿ, ಬೆಣ್ಣೆ ಬದಲು. ಎಣ್ಣೆ ಹಾಕಿ ಕೈಯಲ್ಲಿ ಹಿಟ್ಟು ಉಜ್ಜಿ ಮುಷ್ಟಿ ಕಟ್ಟಿದ್ರೆ ಉಂಡಿ ಹಾಗೆ ನಿಲ್ಲಬೇಕು, ಆಗ ಗರಿ ಗರಿ ಬರತ್ತೆ. ಶಂಕರಪಾಳಿಗೆ 1 ಕಪ್ ನೀರು, 1 ಕಪ್ ಸಕ್ಕರೆ, ಮುಕ್ಕಾಲು ಕಪ್ ಎಣ್ಣೆ ಸೇರಿಸಿ ಸಕ್ಕರೆ ಕರಗೋವರೆಗೆ ಬಿಸಿ ಮಾಡಿ, ಆರಿದ ಮೇಲೆ ಅದು ಹಿಡಿಯೋವಷ್ಟು ಮೈದಾ ಹಾಕಿ ಗಟ್ಟಿಯಾಗಿ ಕಲಸ್ತೀನಿ. ತುಪ್ಪದ ಘಮ ಇರಲ್ಲ, ಅದು ನಿಜ, ಅದಕ್ಕೆ ಏಲಕ್ಕಿ ಒಂದು ಕೈ ಮುಂದೆ ಹಾಕ್ತೀನಿ. ತಂಗಿ ಮಕ್ಕಳಿಗೆ ಈಗ ಇದೇ ರುಚಿ ಹಿಡ್ದಿದೆ.

ಕರಿಯೋವಾಗ ಒಂದು ವಿಷಯ ಗಮನಿಸಿ, ಇದು ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯ. ಚಕ್ಕಲಿ ಎಣ್ಣೆಗೆ ಬಿದ್ದ ತಕ್ಷಣ ಸುತ್ತಲೂ ಗುಳ್ಳೆ ಬರತ್ತಲ್ಲ, ಅದು ಹಿಟ್ಟಿನ ನೀರು ಆವಿಯಾಗಿ ಹೊರಗೆ ಬರ್ತಿರೋದು. ಬಣ್ಣ ಬಂತು ಅಂತ ತೆಗೀಬೇಡಿ, ಗುಳ್ಳೆ ಹೆಚ್ಚು ಕಡಿಮೆ ನಿಂತ ಮೇಲೆ ತೆಗೀರಿ. ಗುಳ್ಳೆ ಇರೋವಾಗಲೇ ತೆಗೆದ್ರೆ ಒಳಗೆ ನೀರಿನಂಶ ಉಳ್ಕೊಳತ್ತೆ, ಮನೇಲಿ ನಾಲ್ಕು ದಿನಕ್ಕೆ ತಿಂದು ಮುಗಿಸೋದಾದ್ರೆ ಗೊತ್ತಾಗಲ್ಲ, ಆದ್ರೆ ಮುಚ್ಚಿದ ಪೌಚಿನಲ್ಲಿ ಎರಡು ವಾರ ಇದ್ರೆ ಮೆತ್ತಗಾಗತ್ತೆ. ಜೋರು ಉರಿಯಲ್ಲಿ ಹೊರಗೆ ಬೇಗ ಕೆಂಪಾಗಿ ಒಳಗೆ ಹಸಿ ಉಳಿಯೋದೂ ಇದೇ ಕಾರಣಕ್ಕೆ, ಮಧ್ಯಮ ಉರಿ ಇರಲಿ. ಚೂಡಾದ ಕರಿಬೇವನ್ನೂ ಹಾಗೇ, ಕೈಯಲ್ಲಿ ಹಿಡಿದ್ರೆ ಪುಡಿ ಆಗೋವರೆಗೆ ಹುರೀಬೇಕು.

ಎಣ್ಣೆ ಹೊಸದೇ ಬೇಕು. ಹಿಂದಿನ ದಿನ ಬಜ್ಜಿ ಕರಿದ ಎಣ್ಣೆಯಲ್ಲಿ ಮಾಡಿದ್ದು ಬೇಗ ಕಮಟು ವಾಸನೆ ಬರತ್ತೆ. ಎಣ್ಣೆ ಗಾಳಿ ಮತ್ತು ಬೆಳಕಿಗೆ ಸಿಕ್ಕಷ್ಟೂ ಕಮಟಾಗೋದು ಜಾಸ್ತಿ, ಮೊದಲು ಗೊತ್ತಾಗೋದು ಚೂಡಾದಲ್ಲಿರೋ ಶೇಂಗಾದಲ್ಲಿ, ಅದನ್ನ ಕಚ್ಚಿ ನೋಡಿದ್ರೆ ಉಳಿದದ್ದರ ಗತಿ ಗೊತ್ತಾಗತ್ತೆ.

ಆರಿಸೋದು ಮತ್ತು ಪೌಚ್

ಮುಂಬೈ ಕಡೆ ಅಕ್ಟೋಬರ್ ಅಂದ್ರೆ ಬಿಸಿಲೂ ಹೌದು, ಗಾಳಿಯಲ್ಲಿ ನೀರೂ ಹೌದು. ಊರಲ್ಲಿ ಅಮ್ಮ ಕರಿದಿದ್ದನ್ನ ರಾತ್ರಿ ಇಡೀ ಪೇಪರ್ ಮೇಲೆ ಹರಡಿ ಬಿಡ್ತಿದ್ರು, ಧಾರವಾಡದ ಒಣ ಗಾಳಿಗೆ ಅದು ನಡೀತಿತ್ತು. ಡೊಂಬಿವಲಿಯಲ್ಲಿ ಹಾಗೆ ಮಾಡಿದ್ರೆ ಬೆಳಿಗ್ಗೆ ಹೊತ್ತಿಗೆ ತೇವ ಎಳ್ಕೊಂಡಿರತ್ತೆ. ಫ್ಯಾನಿನ ಕೆಳಗೆ ಸುಮಾರು ಎರಡು ತಾಸು, ಪೂರ್ತಿ ತಣ್ಣಗಾದ ಕೂಡ್ಲೇ ಮುಚ್ಚಿದ ಡಬ್ಬಕ್ಕೆ. ತಣ್ಣಗಾಯ್ತೋ ಇಲ್ವೋ ಅನುಮಾನ ಇದ್ರೆ ನಾಲ್ಕು ಚಕ್ಕಲಿ ಒಂದು ಗಾಜಿನ ಬರಣಿಗೆ ಹಾಕಿ ಮುಚ್ಚಿ ಹತ್ತು ನಿಮಿಷ ಬಿಡಿ, ಗಾಜಿನ ಒಳಗೆ ಮಂಜು ಕಟ್ಟಿದ್ರೆ ಇನ್ನೂ ಆರಬೇಕು. ಇನ್ನೊಂದು ಪರೀಕ್ಷೆ ಮುರಿದು ನೋಡೋದು, ಟಪ್ ಅಂತ ಸದ್ದು ಮಾಡಿ ಮುರೀಬೇಕು, ಬಾಗಿ ಮುರಿದ್ರೆ ಅದು ಕಳ್ಸೋಕೆ ಲಾಯಕ್ಕಿಲ್ಲ.

ಪೌಚಿಗೆ ಒಳಗೆ ಅಲ್ಯುಮಿನಿಯಂ ಪದರ ಇರೋ ಜಿಪ್ ಪೌಚ್ ತಗೊಳ್ಳಿ, ಬೆಳಕೂ ತಡೆಯತ್ತೆ ಗಾಳಿಯನ್ನೂ ತಡೆಯತ್ತೆ. ಜಿಪ್ ಮೇಲೆ ನಂಬಿಕೆ ಇಡಬೇಡಿ, ಅದರ ಮೇಲ್ಗಡೆ ಹೀಟ್ ಸೀಲ್ ಮಾಡಲೇಬೇಕು. ಒಂದೊಂದು ಪೌಚ್ 250 ಗ್ರಾಂ, ದೊಡ್ಡ ಪೌಚ್ ಒಂದ್ಸಲ ಒಡೆದ್ರೆ ಉಳಿದಿದ್ದು ಮೆತ್ತಗಾಗೋದ್ರೊಳಗೆ ಅವರು ತಿಂದು ಮುಗ್ಸೋಕಾಗಲ್ಲ. ಇಲ್ಲಿ ಅಂಗಡಿಯವರು ಎಲ್ಲದಕ್ಕೂ ವ್ಯಾಕ್ಯೂಮ್ ಪ್ಯಾಕ್ ಮಾಡ್ಕೊಡ್ತೀವಿ ಅಂತಾರೆ, ಚಟ್ನಿ ಪುಡಿಗೆ ಅದು ಒಳ್ಳೇದು, ಚಕ್ಕಲಿಗೂ ಚೂಡಾಗೂ ಬೇಡ, ಗಾಳಿ ಎಳೆದಾಗ ಪ್ಲಾಸ್ಟಿಕ್ ಒತ್ತಿ ಒಳಗೇ ಪುಡಿ ಆಗತ್ತೆ. ಚಕ್ಕಲಿ ನಾನು ಪೌಚಿಗೆ ಹಾಕೋದೇ ಇಲ್ಲ. ಚಕ್ಕಲಿಯ ಅಗಲಕ್ಕಿಂತ ಸ್ವಲ್ಪವೇ ದೊಡ್ಡ ಬಾಯಿ ಇರೋ ಗಟ್ಟಿ ಪ್ಲಾಸ್ಟಿಕ್ ಬರಣಿ ತಂದು ಅದರಲ್ಲಿ ನಾಣ್ಯ ಪೇರಿಸಿದ ಹಾಗೆ ಒಂದರ ಮೇಲೊಂದು ಇಟ್ಟು, ಮೇಲೆ ಉಳಿದ ಜಾಗಕ್ಕೆ ಟಿಶ್ಯೂ ಪೇಪರ್ ಉಂಡಿ ಮಾಡಿ ತುಂಬಿ, ಮುಚ್ಚಳಕ್ಕೆ ಸುತ್ತ ಟೇಪ್ ಹಾಕ್ತೀನಿ. ಬರಣಿ ಅಲ್ಲಾಡಿಸಿದ್ರೆ ಸದ್ದು ಬರಬಾರ್ದು. ಹೀಗೆ ಮಾಡಿದ್ಮೇಲೆ ಮುರಿದ ಚಕ್ಕಲಿ ಎಣಿಸಿದ್ರೆ ಎರಡು ಮೂರು, ಮೊದಲು ಅರ್ಧಕ್ಕರ್ಧ ಪುಡಿ ಆಗ್ತಿತ್ತು.

ಪ್ರತಿ ಪೌಚ್ ಮೇಲೂ ಚೀಟಿ: ಇಂಗ್ಲಿಷಿನಲ್ಲಿ ತಿಂಡಿಯ ಹೆಸರು, ಏನೇನು ಹಾಕಿದೆ, ಮಾಡಿದ ತಾರೀಕು, ತೂಕ. ಶೇಂಗಾ ಇದ್ರೆ ಅದನ್ನ ಬರೀಲೇಬೇಕು, ಅಲ್ಲಿ ಮಕ್ಕಳ ಸ್ಕೂಲಿಗೆ ಶೇಂಗಾ ಒಯ್ಯೋ ಹಾಗಿರಲ್ಲ ಎಷ್ಟೋ ಕಡೆ.

ಡಬ್ಬದ ಸೈಜು, ಇಲ್ಲೇ ದುಡ್ಡು ಹೋಗೋದು

ಕೊರಿಯರ್‌ನವರು ಎರಡು ತೂಕ ನೋಡ್ತಾರೆ. ಒಂದು ಕಾಟಾ ಮೇಲಿನ ತೂಕ, ಇನ್ನೊಂದು ಡಬ್ಬದ ಅಳತೆಯಿಂದ ಬರೋ ತೂಕ, ಎರಡರಲ್ಲಿ ಯಾವುದು ಜಾಸ್ತಿನೋ ಅದಕ್ಕೆ ದುಡ್ಡು. ದೊಡ್ಡ ಕೊರಿಯರ್ ಕಂಪನಿಗಳ ಲೆಕ್ಕ ಹೀಗಿರತ್ತೆ, ಅಳತೆ ಸೆಂಟಿಮೀಟರಿನಲ್ಲಿ, ಉತ್ತರ ಕಿಲೋದಲ್ಲಿ:

```
L x W x H / 5000
```

ನಾನು ಎರಡನೇ ವರ್ಷ ಮನೇಲಿದ್ದ 45, 35, 30 ಸೆಂಟಿಮೀಟರ್ ಡಬ್ಬ ತಗೊಂಡಿದ್ದೆ. ಕಾಟಾ ಮೇಲೆ 4.6 ಕಿಲೋ. ಆದ್ರೆ ಅಳತೆ ಗುಣಿಸಿದ್ರೆ 47,250, ಅದನ್ನ 5000ದಿಂದ ಭಾಗಿಸಿದ್ರೆ 9.45, ಅವರು ಅರ್ಧ ಕಿಲೋಗೆ ಮೇಲೆ ಏರಿಸ್ತಾರೆ, ಅಂದ್ರೆ 9.5 ಕಿಲೋದ ಬಿಲ್. ಕೌಂಟರಿನಲ್ಲಿ ಅದನ್ನ ಕೇಳಿ ಡಬ್ಬ ವಾಪಸ್ ಮನೆಗೆ ತಂದೆ. ಚೂಡಾ ಅರ್ಧ ಕಿಲೋಗೆ ಇಳಿಸಿ, 38, 28, 24ರ ಡಬ್ಬಕ್ಕೆ ಹಾಕಿದೆ: ಚಕ್ಕಲಿ 750 ಗ್ರಾಂ, ಚೂಡಾ 500, ಶಂಕರಪಾಳಿ 1 ಕಿಲೋ, ಚಟ್ನಿ ಪುಡಿ 500, ಚಿಕ್ಕಿ 500. ಡಬ್ಬ, ಬರಣಿ ಎಲ್ಲಾ ಸೇರಿ 4.3 ಕಿಲೋ. ಅಳತೆಯಿಂದ 25,536, ಭಾಗಿಸಿದ್ರೆ 5.1, ಬಿಲ್ 5.5ಕ್ಕೆ. ನಾಲ್ಕು ಕಿಲೋ ಉಳೀತು. ಅದೂ ಅಲ್ದೆ 5.5ಕ್ಕೆ ದುಡ್ಡು ಕೊಡ್ತಿರೋವಾಗ 4.3 ಕಳ್ಸೋದು ಯಾಕೆ ಅಂತ, ಮೂಲೆಯಲ್ಲಿ ಪೇಪರ್ ತುಂಬೋ ಕಡೆ ಇನ್ನೊಂದು ಕಿಲೋ ಚಟ್ನಿ ಪುಡಿ, ಚಿಕ್ಕಿ ಸಣ್ಣ ಪೌಚಿನಲ್ಲಿ ಇಟ್ಟೆ, ಬಿಲ್ ಒಂದು ರೂಪಾಯಿ ಜಾಸ್ತಿ ಆಗ್ಲಿಲ್ಲ. ಹಾಗಾಗಿ ಚೂಡಾ ಕಳ್ಸೋದು ಅಂದ್ರೆ ಗಾಳಿಗೆ ದುಡ್ಡು ಕೊಟ್ಟ ಹಾಗೆ, ಸ್ವಲ್ಪ ಕಳ್ಸಿ, ಚಿಕ್ಕಿ, ಪುಡಿ, ಶಂಕರಪಾಳಿ ಜಾಸ್ತಿ ಕಳ್ಸಿ.

ಡಬ್ಬ ಹೊಸದು, 5 ಪದರದ ರಟ್ಟಿಂದು ಇರಲಿ. ಭಾರದ್ದು ಕೆಳಗೆ, ಚಕ್ಕಲಿ ಬರಣಿ ಮಧ್ಯೆ ನಿಲ್ಲಿಸಿ, ಸುತ್ತ ನಾಲ್ಕೂ ಕಡೆ 3 ಸೆಂಟಿಮೀಟರ್ ಬಬಲ್ ರ‍್ಯಾಪ್. ಒಣ ಹುಲ್ಲು ತುಂಬಬೇಡಿ, ಹುಲ್ಲು ಕೂಡ ರೋಗ ತರೋ ವಸ್ತು ಅಂತ ಹಿಡೀತಾರೆ. ಟೇಪ್ ಹಾಕೋಕೆ ಮುಂಚೆ ಮುಚ್ಚಿ ಅಲ್ಲಾಡಿಸಿ ನೋಡಿ, ಆಮೇಲೆ ಸೊಂಟದ ಎತ್ತರದಿಂದ ಒಂದ್ಸಲ ನೆಲಕ್ಕೆ ಬಿಟ್ಟು ನೋಡಿ. ಮನಸ್ಸು ಒಪ್ಪಲ್ಲ, ಆದ್ರೂ ಮಾಡಿ, ದಾರಿಯಲ್ಲಿ ಅದಕ್ಕಿಂತ ಜೋರಾಗಿ ಎಸೀತಾರೆ.

ಯಾರ ಕೈಲಿ ಕೊಡೋದು

ಡಿಎಚ್‌ಎಲ್, ಫೆಡೆಕ್ಸ್, ಅರಾಮೆಕ್ಸ್ ಇಂಥವರ ಹತ್ರ ನೇರ ಹೋಗಬಹುದು, ಮಾಟುಂಗಾ, ಠಾಣೆ, ಡೊಂಬಿವಲಿ ಎಲ್ಲಾ ಕಡೆ ಇರೋ ಏಜೆಂಟ್ ಮೂಲಕ ಹೋಗಬಹುದು, ಇಲ್ಲಾ ಇಂಡಿಯಾ ಪೋಸ್ಟ್. ದೊಡ್ಡ ಕಂಪನಿಗಳ ಕೌಂಟರಿನಲ್ಲಿ ಮನೇಲಿ ಮಾಡಿದ ತಿಂಡಿ ತಗೊಳ್ಳೋಕೆ ಹಿಂದೆ ಮುಂದೆ ನೋಡೋದುಂಟು, ಅಂಗಡಿಯ ಸೀಲ್ ಪ್ಯಾಕ್, ಬಿಲ್ ಇದ್ರೆ ಸಲೀಸು. ಏಜೆಂಟ್ ಹತ್ರ ದರ ಕಡಿಮೆ, ಮನೆಗೇ ಬಂದು ಒಯ್ತಾರೆ, ಆದ್ರೆ ಫಾರ್ಮ್ ಅವರ ಕೈಲಿರತ್ತೆ, ಅದೇ ಅಪಾಯ. ಏಜೆಂಟ್ ಹತ್ರ ಹೋದ್ರೆ ನಾನು ಮೂರು ಕೇಳ್ತೀನಿ: ಮುಂದೆ ಯಾವ ಕಂಪನಿಯಲ್ಲಿ ಕಳ್ಸ್ತೀರಿ, ಆ ಕಂಪನಿಯ ಟ್ರ್ಯಾಕಿಂಗ್ ನಂಬರ್ ಯಾವಾಗ ಕೊಡ್ತೀರಿ, ಡಿಕ್ಲರೇಷನ್ ನಾನೇ ಹೇಳಿದ ಹಾಗೆ ಬರೀತೀರಾ. ಪೇಡಾ ಇದ್ರೂ ನಡೆಯತ್ತೆ, ಬಿಸ್ಕೆಟ್ ಅಂತ ಬರೀತೀನಿ ಅನ್ನೋರ ಹತ್ರ ಡಬ್ಬ ಕೊಡಲೇಬೇಡಿ, ಸುಳ್ಳು ಬರೆದ ಕಾಗದದ ಮೇಲೆ ಕಳಿಸಿದವರು ಅಂತ ಇರೋದು ನಿಮ್ಮ ಹೆಸರು, ನಿಮ್ಮ ಆಧಾರ್.

ಇಂಡಿಯಾ ಪೋಸ್ಟಿನ ಇಂಟರ್‌ನ್ಯಾಷನಲ್ ಸ್ಪೀಡ್ ಪೋಸ್ಟ್ ನನಗೆ ಇಷ್ಟ. 250 ಗ್ರಾಂ ಲೆಕ್ಕದಲ್ಲಿ ದರ ಏರತ್ತೆ, ಮುಂಬೈನ ಟಪಾಲು ಬಲ್ಲಾರ್ಡ್ ಎಸ್ಟೇಟ್‌ನ ಫಾರಿನ್ ಪೋಸ್ಟ್ ಆಫೀಸಿನ ಕಸ್ಟಮ್ಸ್ ದಾಟಿ ಹೋಗತ್ತೆ, ಇಂಗ್ಲೆಂಡಿನಲ್ಲಿ ಪಾರ್ಸೆಲ್‌ಫೋರ್ಸ್‌ನವರು ಮನೆಗೆ ತಂದು ಕೊಡ್ತಾರೆ. ಪೋಸ್ಟ್ ಆಫೀಸಿಗೆ ಹೋಗೋವಾಗ ಡಬ್ಬಕ್ಕೆ ಟೇಪ್ ಹಾಕದೆ, ಟೇಪು ಕತ್ತರಿ ಚೀಲದಲ್ಲಿ ಇಟ್ಕೊಂಡು ಹೋಗಿ, ಒಳಗೆ ಏನಿದೆ ತೋರ್ಸಿ ಅಂದ್ರೆ ಅಲ್ಲೇ ತೋರಿಸಿ ಅಲ್ಲೇ ಮುಚ್ಚಬಹುದು. ಎಲ್ಲೇ ಕೊಟ್ರೂ ಆಧಾರ್ ಇಲ್ಲಾ ಬೇರೆ ಗುರುತಿನ ಚೀಟಿಯ ಕಾಪಿ ಬೇಕು. ದೀಪಾವಳಿಗೆ ಮುಟ್ಟಬೇಕು ಅಂದ್ರೆ ಪೋಸ್ಟಿಗೆ ಮೂರು ವಾರ ಮೊದಲು, ಕೊರಿಯರಿಗೆ ಹತ್ತು ಹನ್ನೆರಡು ದಿನ ಮೊದಲು ಕೊಟ್ಬಿಡಿ, ಹಬ್ಬದ ಮುಂಚಿನ ವಾರ ಎಲ್ಲರ ಗೋಡೌನೂ ತುಂಬಿರತ್ತೆ.

ಫಾರ್ಮಿನಲ್ಲಿ ಏನು ಬರೀಬೇಕು

ಬರೀ ಸ್ನ್ಯಾಕ್ಸ್ ಅಂತ ಬರೆದ್ರೆ ಅಲ್ಲಿಯವರಿಗೆ ಏನೂ ಅರ್ಥ ಆಗಲ್ಲ, ಅರ್ಥ ಆಗದ ಡಬ್ಬನೇ ಮೊದಲು ತೆಗೀತಾರೆ. ಒಂದೊಂದು ತಿಂಡಿಗೆ ಒಂದೊಂದು ಸಾಲು, ತೂಕ, ಬೆಲೆ, ಹಾಲಿಲ್ಲ ಅನ್ನೋದು. ನಾನು ಹೀಗೆ ಬರೀತೀನಿ:

```
Fried rice flour snack (chakli), no dairy, 750 g, INR 600
Fried wheat biscuit (shankarpali), no dairy, 1 kg, INR 700
Peanut brittle (chikki), no dairy, 500 g, INR 350
```

ಬೆಲೆ ಸೊನ್ನೆ ಅಂತಲೋ ಹತ್ತು ರೂಪಾಯಿ ಅಂತಲೋ ಬರೀಬೇಡಿ, ಅಂಗಡಿಯಲ್ಲಿ ಅದೇ ತಗೊಂಡ್ರೆ ಎಷ್ಟಾಗತ್ತೋ ಅದನ್ನ ಬರೀರಿ. ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಹಬ್ಬಕ್ಕೆ ಕಳ್ಸೋ ಗಿಫ್ಟ್ 39 ಪೌಂಡ್ ಒಳಗಿದ್ರೆ ಇಂಗ್ಲೆಂಡಿನಲ್ಲಿ ತೆರಿಗೆ ಇಲ್ಲ, ಗಿಫ್ಟ್ ಅನ್ನೋ ಕಡೆ ಟಿಕ್ ಮಾಡಿರಬೇಕು. ಅದಕ್ಕಿಂತ ಜಾಸ್ತಿ ಆದ್ರೆ ವ್ಯಾಟ್ ಬೀಳಬಹುದು, ಜೊತೆಗೆ ತಂದು ಕೊಡೋರ ಹ್ಯಾಂಡ್ಲಿಂಗ್ ಫೀ ಬೇರೆ, ಅದನ್ನ ಕಟ್ಟೋದು ತಗೊಳ್ಳೋರು. ಒಂದೇ ಡಬ್ಬದಲ್ಲಿ ತಂಗಿಗೊಂದು, ಅವಳ ಗಂಡನಿಗೊಂದು, ಮಕ್ಕಳಿಗೊಂದು ಅಂತ ಬೇರೆ ಬೇರೆ ಕಟ್ಟು ಕಟ್ಟಿ, ಫಾರ್ಮಿನಲ್ಲೂ ಹೆಸರು ಹಾಕಿ ಬೇರೆ ಬೇರೆ ಬರೆದ್ರೆ ಒಬ್ಬೊಬ್ಬರಿಗೂ 39 ಪೌಂಡ್ ಸಿಗತ್ತೆ. ತಗೊಳ್ಳೋರ ಫೋನ್ ನಂಬರ್, ಪೋಸ್ಟ್‌ಕೋಡ್ ಎರಡೂ ಡಬ್ಬದ ಹೊರಗೂ ಇರಲಿ, ಒಳಗೊಂದು ಕಾಗದದಲ್ಲೂ ಇರಲಿ.

ಬೇರೆ ದೇಶ ಆದ್ರೆ

ಜರ್ಮನಿ, ನೆದರ್ಲ್ಯಾಂಡ್ಸ್ ಸೇರಿ ಯುರೋಪಿಯನ್ ಯೂನಿಯನ್ ದೇಶಗಳಲ್ಲೂ ಹಾಲು, ಮಾಂಸಕ್ಕೆ ಇದೇ ತಡೆ, ಹಾಗಾಗಿ ಇದೇ ಐದು ತಿಂಡಿ ನಡೆಯತ್ತೆ. ಆಸ್ಟ್ರೇಲಿಯಾ ಇನ್ನೂ ಬಿಗಿ, ಅಲ್ಲಿಗೆ ಹಾಲಿನ ಮಿಠಾಯಿ ಅಂತೂ ಇಲ್ಲ, ಇಡೀ ಕಾಳು, ಬೀಜ, ಹಸಿ ಎಲೆ ಯಾವುದೂ ಹಾಕಬೇಡಿ. ಅಮೆರಿಕಕ್ಕೆ ಊಟದ ಪದಾರ್ಥ ಬರೋ ಮುಂಚೆ ಅಲ್ಲಿನ ಆಹಾರ ಔಷಧ ಇಲಾಖೆ ಎಫ್‌ಡಿಎಗೆ ಪ್ರಯರ್ ನೋಟಿಸ್ ಕೊಡಬೇಕು ಅನ್ನೋ ನಿಯಮ ಇದೆ, ಆದ್ರೆ ನಿಮ್ಮ ಮನೇಲಿ ನೀವೇ ಮಾಡಿ ಗಿಫ್ಟ್ ಅಂತ ಕಳ್ಸಿದ್ದಕ್ಕೆ ಅದು ಬೇಡ, ಹಾಗಾಗಿ ಹೋಮ್‌ಮೇಡ್ ಅಂತ ಬರೆಯೋದು ಅಲ್ಲಿಗೆ ಅನುಕೂಲವೇ.

ದುಬೈ ಮತ್ತು ಸಿಂಗಾಪುರಕ್ಕೆ ಕಳ್ಸೋರು ಒಂದು ಮಾತು ತುಂಬಾ ಗಮನ ಇಟ್ಟು ಕೇಳಿ: ಗಸಗಸೆ. ಅಲ್ಲಿ ಗಸಗಸೆ ಮಾದಕ ವಸ್ತುವಿನ ಕಾನೂನಿಗೆ ಬರತ್ತೆ, ಸಿಕ್ಕಿಬಿದ್ರೆ ಡಬ್ಬ ಹೋಗೋದಷ್ಟೇ ಅಲ್ಲ, ತಗೊಳ್ಳೋರಿಗೆ ಪೊಲೀಸ್ ತೊಂದರೆ ಆಗಬಹುದು. ಅನಾರಸೆ ಮೇಲೆ ಅಂಟಿಸೋದು ಅದೇ, ಕರ್ಚಿಕಾಯಿ ಹೂರಣದಲ್ಲಿ ಹುರಿದು ಹಾಕೋದೂ ಅದೇ, ಅಂಗಡಿಯ ಕರ್ಚಿಕಾಯಿಯಲ್ಲಿ ಕಣ್ಣಿಗೆ ಕಾಣಲ್ಲ. ಆ ಎರಡು ತಿಂಡಿ ಆ ದೇಶಗಳಿಗೆ ಬೇಡವೇ ಬೇಡ.

ಕೊನೆಗೊಂದು, ಎಲ್ಲಾ ಪ್ಯಾಕ್ ಮಾಡೋವಾಗ ಅದೇ ಘಾಣದ ತಿಂಡಿ ಒಂದೊಂದು ಸಣ್ಣ ಪೌಚ್ ಅದೇ ರೀತಿ ಸೀಲ್ ಮಾಡಿ ಮನೇಲಿ ಇಟ್ಕೊಳ್ಳಿ. ತಂಗಿ ಡಬ್ಬ ಬಂದ ದಿನ ಮೊದಲು ಹೊರಗಿನಿಂದ ಫೋಟೋ ತೆಗೀತಾಳೆ, ಒಡೆದಿದ್ರೆ ಕ್ಲೇಮಿಗೆ ಬೇಕಾಗತ್ತೆ ಅಂತ, ಆಮೇಲೆ ವಿಡಿಯೋ ಕಾಲ್ ಮಾಡಿ ಬರಣಿ ತೆಗೀತಾಳೆ, ಇಲ್ಲಿ ನಾನೂ ನನ್ನ ಪೌಚ್ ಕತ್ತರಿಸ್ತೀನಿ. ಇಬ್ಬರದೂ ಮೆತ್ತಗಿದ್ರೆ ತಪ್ಪು ನನ್ನ ಕರಿಯೋದ್ರಲ್ಲಿ, ನಂದು ಗರಿಗರಿ ಇದ್ದು ಅವಳದು ಮಾತ್ರ ಮೆತ್ತಗಿದ್ರೆ ತಪ್ಪು ಸೀಲಿನಲ್ಲಿ. ಹೋದ ಸಲ ಫೋನಿನಲ್ಲಿ ಅವಳ ಕಡೆಯಿಂದ ಟಪ್ ಅಂತ ಮುರಿದ ಸದ್ದು ಕೇಳ್ತು, ಹಿಂದೇನೇ ಸಣ್ಣವನು "ದೊಡ್ಡಮ್ಮ, ಶಂಕರಪಾಳಿ ಎಲ್ಲಿ" ಅಂದ.